ನಾಲ್ಕು ವರ್ಷ ಬಳಸಿದ ಯುಪಿಐ ಆ್ಯಪ್, ನನ್ನ ನಂಬರನ್ನೇ ಒಪ್ಪದ ಮೂರು ದಿನ

ಐದಕ್ಕೆ ಮೂರು ಸ್ಟಾರ್. ದುಡ್ಡು ಕಳಿಸುವ ಕೆಲಸಕ್ಕೆ ಐದೂ ಕೊಡಬಹುದಿತ್ತು. ಎರಡು ಕಳೆದಿದ್ದು ಹೊಸ ಫೋನಿನಲ್ಲಿ ನಂಬರ್ ರಿಜಿಸ್ಟರ್ ಮಾಡುವಾಗ ಇದು ಕೊಟ್ಟ ಕಾಟಕ್ಕೆ. ಆ್ಯಪ್ ಹೆಸರು ಬರೆಯುವುದಿಲ್ಲ. ಉಳಿದ ಯುಪಿಐ ಆ್ಯಪ್‌ಗಳೂ ರಿಜಿಸ್ಟರ್ ಆಗುವ ರೀತಿ ಹೆಚ್ಚುಕಮ್ಮಿ ಇದೇ.

ನಮ್ಮದು ಹೊಸನಗರ ತಾಲೂಕಿನಲ್ಲಿ ತೋಟದ ಮನೆ. ನಾಲ್ಕು ವರ್ಷದಿಂದ ಕೂಲಿ, ಗೊಬ್ಬರ, ಪೇಟೆ ಸಾಮಾನು ಎಲ್ಲಾ ಈ ಆ್ಯಪ್‌ನಲ್ಲೇ. ಮನೆಗೆ ಫೈಬರ್ ಬಂದ ಮೇಲೆ ಜಗಲಿಯಲ್ಲಿ ಕೂತೇ ಎಲ್ಲ ಮುಗಿಯುತ್ತಿತ್ತು. ತಕರಾರೇ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಫೋನ್ ನೀರಿಗೆ ಬಿತ್ತು. ಹೊಸದು ತಂದೆ. ಎರಡು ಸಿಮ್ ಇವೆ. ಒಂದನೇ ಜಾಗದಲ್ಲಿ ನೆಟ್ ಹಾಕಿಸುವ ಸಿಮ್. ಎರಡನೆಯದು ಹದಿನೈದು ವರ್ಷ ಹಳೆಯ ನಂಬರ್, ಬ್ಯಾಂಕಿಗೆ ಕೊಟ್ಟಿರುವುದು ಅದನ್ನೇ. ಅದಕ್ಕೆ ಜೀವ ಇರಲಿ ಅಂತ ಇರುವುದರಲ್ಲೇ ಕಡಿಮೆ ರೇಟಿನ ಪ್ಯಾಕ್ ಹಾಕಿಸುತ್ತಿದ್ದೆ. ಒಟಿಪಿ ಬಂದರೆ ಸಾಕಲ್ವಾ ಅಂತ.

ಶುಕ್ರವಾರ ಸಂಜೆ ಆ್ಯಪ್ ಹಾಕಿಕೊಂಡು ಹಳೇ ನಂಬರಿನ ಸಿಮ್ ಆರಿಸಿದೆ. 'ನಿಮ್ಮ ನಂಬರ್ ಪರಿಶೀಲಿಸುತ್ತಿದ್ದೇವೆ' ಅಂತ ಚಕ್ರ ತಿರುಗಿತು. ಒಂದು ನಿಮಿಷದ ಮೇಲೆ 'ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ'. ಮೂರು ಸಲ ಹೀಗೇ ಆಯ್ತು. ವೈಫೈ ಚೆನ್ನಾಗಿದೆ, ವಿಡಿಯೋ ಓಡುತ್ತಿದೆ, ಮತ್ತೆಂತ ತಪ್ಪು?

ತಲೆ ಕೆಟ್ಟು ನಾಲ್ಕನೇ ಸಲ ನೆಟ್ ಸಿಮ್ ಆರಿಸಿದೆ. ಹತ್ತೇ ಸೆಕೆಂಡಿಗೆ ಹಸಿರು ಟಿಕ್! ಖುಷಿಯಲ್ಲಿ ಬ್ಯಾಂಕಿನ ಹೆಸರು ಒತ್ತಿದರೆ 'ಈ ನಂಬರಿಗೆ ಯಾವ ಖಾತೆಯೂ ಸೇರಿಲ್ಲ'. ಖಾತೆಯೇ ಮಾಯ ಆಯ್ತೇನೋ ಅಂತ ಒಂದು ಕ್ಷಣ ಎದೆ ಧಸಕ್ ಅಂತು. ಆಮೇಲೆ ಹೊಳೆಯಿತು. ಯಾವ ಸಿಮ್ ಆರಿಸುತ್ತೇವೋ ಆ ನಂಬರನ್ನೇ ಬ್ಯಾಂಕಿನಲ್ಲಿ ಹುಡುಕುತ್ತದೆ. ಬ್ಯಾಂಕಿನವರ ಹತ್ತಿರ ಆ ನಂಬರ್ ಇಲ್ಲ ಅಂದಮೇಲೆ ಖಾತೆ ಎಲ್ಲಿಂದ ಬರಬೇಕು? ಎರಡು ಸಿಮ್ ಇರುವವರಲ್ಲಿ ಸುಮಾರು ಜನ ಎಡವುವುದು ಇಲ್ಲೇ. ಹಸಿರು ಟಿಕ್ ಬಂದರೆ ಆ ಸಿಮ್ ಈ ಫೋನಿನಲ್ಲಿದೆ ಅಂತ ಮಾತ್ರ ಅರ್ಥ. ಖಾತೆಗೂ ಅದಕ್ಕೂ ಸಂಬಂಧ ಇಲ್ಲ.

ಅದನ್ನು ತೆಗೆದು ಮತ್ತೆ ಹಳೇ ಸಿಮ್ ಒತ್ತಿದೆ. ಈಗ ಆ್ಯಪ್ ಬಾಗಿಲನ್ನೇ ಹಾಕಿತು. ಜಾಸ್ತಿ ಸಲ ಪ್ರಯತ್ನಿಸಿದ್ದೀರಿ, 24 ಗಂಟೆ ಬಿಟ್ಟು ಬನ್ನಿ ಅಂತ.

ಶನಿವಾರ ತೋಟಕ್ಕೆ ಔಷಧಿ ಹೊಡೆಯುವವರು ಬಂದಿದ್ದರು. ಮಳೆ ಹೊಳವಾದ ಎರಡು ದಿನದಲ್ಲಿ ಹೊಡೆಯದಿದ್ದರೆ ಕೊಳೆ ಬಂದು ಕಾಯಿ ಉದುರುತ್ತದೆ, ಅವರಿಗೂ ಪುರುಸೊತ್ತಿರುವುದಿಲ್ಲ. ಭಾನುವಾರ ಕೆಲಸ ಮುಗಿದ ಕೂಡಲೇ ಕೂಲಿ ಕೊಡಬೇಕು. ಮನೆಯಲ್ಲಿ ಅಷ್ಟು ನಗದಿಲ್ಲ. ಫೋನ್ ಹಿಡಿದು ಪೇಟೆಗೆ ಹೋದೆ.

ಮೊಬೈಲ್ ಅಂಗಡಿಯ ಹುಡುಗ ಮೊದಲು ಹೇಳಿದ್ದು, "ಅಣ್ಣ, ನೆಟ್ ಸಿಮ್ ಬೇರೆ, ಬ್ಯಾಂಕ್ ಸಿಮ್ ಬೇರೆ ಇದ್ರೆ ಆಗಲ್ಲ. ನೆಟ್ಟೂ ಇದಕ್ಕೇ ಹಾಕಿಸ್ಬೇಕು." ಇದು ಸುಳ್ಳು. ಈಗಲೂ ನನ್ನ ನೆಟ್ ಒಂದು ಸಿಮ್‌ನಲ್ಲಿ, ಬ್ಯಾಂಕ್ ನಂಬರ್ ಇನ್ನೊಂದರಲ್ಲಿ. ಪಾವತಿ ವೈಫೈನಲ್ಲೂ ಆಗುತ್ತದೆ. ಆದರೆ ಆಮೇಲೆ ಅವನು ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ. "ಅದ್ರಿಂದ ಸುಮ್ನೆ ಒಂದು ಮೆಸೇಜ್ ಕಳ್ಸಿ ನೋಡಿದ್ರಾ?"

ನೋಡಿರಲಿಲ್ಲ. ಹಳೇ ಸಿಮ್‌ನಿಂದ ಹೆಂಡತಿಯ ಫೋನಿಗೆ 'ಹಾಯ್' ಅಂತ ಸಾದಾ ಎಸ್‌ಎಂಎಸ್ ಹಾಕಿದೆ. ಪಕ್ಕದಲ್ಲಿ ಕೆಂಪು ಗುರುತು ಬಂತು, ಹೋಗಲಿಲ್ಲ. ಪೇಟೆಯಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇದ್ದವು. ಅಂದರೆ ತಪ್ಪು ಸಿಗ್ನಲ್‌ದಲ್ಲ, ಪ್ಯಾಕಿನದು. ನನ್ನ ಅಗ್ಗದ ಪ್ಯಾಕಿನಲ್ಲಿ ಒಳಬರುವುದೆಲ್ಲ ಇತ್ತು, ಹೊರಹೋಗುವ ಎಸ್‌ಎಂಎಸ್ ಇರಲಿಲ್ಲ. ಮೇನ್ ಬ್ಯಾಲೆನ್ಸ್‌ನಲ್ಲಿ ಪೈಸೆಗಳಷ್ಟೇ ಉಳಿದಿದ್ದವು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಆ್ಯಪ್ ಇದನ್ನು ಎಲ್ಲೂ ಹೇಳುವುದಿಲ್ಲ. ನಾವೆಲ್ಲ ಒಟಿಪಿಗೆ ಒಗ್ಗಿಹೋಗಿದ್ದೇವೆ. ಅವರು ನಮಗೆ ಮೆಸೇಜ್ ಕಳಿಸುತ್ತಾರೆ, ನಾವು ನಂಬರ್ ಹಾಕುತ್ತೇವೆ. ಯುಪಿಐ ರಿಜಿಸ್ಟ್ರೇಷನ್ ಇದಕ್ಕೆ ಪೂರಾ ಉಲ್ಟಾ. ಇಲ್ಲಿ ಮೆಸೇಜ್ ಹೋಗುವುದು ನಮ್ಮ ಸಿಮ್‌ನಿಂದ ಅವರಿಗೆ. ಆ್ಯಪ್ ಒಂದು ಗುಪ್ತ ಸಂಕೇತ ತಯಾರು ಮಾಡಿ, ನಮಗೆ ಕಾಣದ ಹಾಗೆ ಹಿಂದಿನಿಂದ ಒಂದು ನಂಬರಿಗೆ ಎಸ್‌ಎಂಎಸ್ ಮಾಡುತ್ತದೆ. ಅದು ಯಾವ ನಂಬರಿನಿಂದ ಬಂತು ಅಂತ ನೋಡಿ, ಆ ನಂಬರ್, ಈ ಫೋನ್, ಈ ಆ್ಯಪ್ ಮೂರನ್ನೂ ಸೇರಿಸಿ ಗಂಟು ಹಾಕುತ್ತಾರೆ. ಒಟಿಪಿ ಆದರೆ ಯಾರೋ ಕೇಳಿದಾಗ ಬಾಯಿ ಬಿಟ್ಟು ಹೇಳಿಬಿಡಬಹುದು. ಇದನ್ನು ಹೇಳಲಿಕ್ಕೆ ಬರುವುದಿಲ್ಲ, ಸಿಮ್ ಈ ಫೋನಿನೊಳಗೇ ಇರಬೇಕು. ಹಾಗಾಗಿ ಒಟಿಪಿ ಬರುತ್ತಿದೆ, ಸಿಮ್ ಸರಿ ಇದೆ ಅಂದುಕೊಳ್ಳುವುದು ಬರೀ ಭ್ರಮೆ.

ಇದರ ಇನ್ನೊಂದು ಮುಖವೂ ಇದೆ. ಅರ್ಥವಾಗದ ಅಕ್ಷರಗಳ ಸಾಲೊಂದನ್ನು ವಾಟ್ಸಾಪ್‌ನಲ್ಲಿ ಕೊಟ್ಟು, 'ಇದನ್ನು ಈ ನಂಬರಿಗೆ ಎಸ್‌ಎಂಎಸ್ ಮಾಡಿ' ಅಂತ ಯಾರಾದರೂ ಹೇಳಿದರೆ ಮಾಡಬೇಡಿ. ಅದು ಅವರ ಫೋನಿನಲ್ಲಿ ಹುಟ್ಟಿದ ಸಂಕೇತ ಇರಬಹುದು. ನಿಮ್ಮ ಸಿಮ್‌ನಿಂದ ಹೋದರೆ ನಿಮ್ಮ ನಂಬರ್ ಅವರ ಫೋನಿಗೆ ಗಂಟು ಬೀಳುತ್ತದೆ.

ಸರಿ, ಅಂಗಡಿಯಲ್ಲೇ ನಗದು ಕೊಟ್ಟು ಎಸ್‌ಎಂಎಸ್ ಇರುವ ಪ್ಯಾಕ್ ಹಾಕಿಸಿದೆ. ಬರೀ ಮಾತು ಮತ್ತು ಎಸ್‌ಎಂಎಸ್ ಇರುವ, ನೆಟ್ ಇಲ್ಲದ ಪ್ಯಾಕ್ ಕೂಡ ಇಡಬೇಕು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ಎರಡನೇ ಸಿಮ್‌ಗೆ ಅದು ಸಾಕು. ಹುಡುಗ ಫೋನಿನ ಸಿಮ್ ಸೆಟ್ಟಿಂಗ್ ತೆಗೆದು ಇನ್ನೊಂದು ತೋರಿಸಿದ. ಎಸ್‌ಎಂಎಸ್ ಯಾವ ಸಿಮ್‌ನಿಂದ ಅನ್ನುವಲ್ಲಿ "Ask every time" ಅಂತ ಇತ್ತು. ಆ್ಯಪ್ ಹಿಂದಿನಿಂದ ಕಳಿಸುವಾಗ ಕೇಳುವುದು ಯಾರನ್ನು? ಕೆಲವು ಫೋನ್‌ಗಳಲ್ಲಿ ಅಲ್ಲೇ ಕೆಲಸ ಕೆಡುತ್ತದಂತೆ. ಹಳೇ ಸಿಮ್ ಅಂತ ಗಟ್ಟಿ ಮಾಡಿದೆವು. ಮತ್ತೊಂದು 'ಹಾಯ್' ಹಾಕಿದೆ. ಈ ಸಲ ಮನೆಯಿಂದ "ಎಂತ ಆಯ್ತು ನಿಮಗೆ?" ಅಂತ ಫೋನೇ ಬಂತು. ಹೋಗಿದೆ ಅಂತ ಆಯ್ತು.

ಆದರೆ 24 ಗಂಟೆ ಮುಗಿದಿದ್ದು ರಾತ್ರಿ ಏಳಕ್ಕೆ, ಮನೆಯಲ್ಲಿದ್ದಾಗ. ಅಲ್ಲಿ ಹಳೇ ಸಿಮ್‌ಗೆ ಒಂದು ಕಡ್ಡಿ, ಮಳೆ ಜೋರಾದರೆ ಅದೂ ಇಲ್ಲ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದರೆ ಕೇಳುವುದೇ ಬೇಡ. ಒತ್ತಿದೆ. ಒಂದು ನಿಮಿಷ ಕಾದು ಆ್ಯಪ್ ಕೈಚೆಲ್ಲಿತು. ಆಮೇಲೆ ಮೆಸೇಜ್ ಪೆಟ್ಟಿಗೆ ತೆಗೆದು ನೋಡಿದರೆ, ಅಪರಿಚಿತ ನಂಬರಿಗೆ ಉದ್ದಕ್ಕೆ ಗಜಿಬಿಜಿ ಅಕ್ಷರಗಳ ಮೆಸೇಜ್ ಇತ್ತು, ಪಕ್ಕದಲ್ಲಿ ಸಣ್ಣಗೆ 2 ಅಂತ ಸಿಮ್ ಗುರುತು. ಆ್ಯಪ್ ಸೋತ ಎಷ್ಟೋ ನಿಮಿಷದ ಮೇಲೆ ಅದು 'ಕಳಿಸಲಾಗಿದೆ' ಅಂತಾಯಿತು. ಮೆಸೇಜ್ ಹೋಗಿದೆ, ತಡವಾಗಿ ಹೋಗಿದೆ. ಅಷ್ಟರಲ್ಲಿ ಆ ಸಂಕೇತದ ಆಯುಸ್ಸು ಮುಗಿದಿರುತ್ತದೆ.

ಆ ಪೆಟ್ಟಿಗೆ ನೋಡುವುದು ಒಳ್ಳೆಯ ಪರೀಕ್ಷೆ. ಮೆಸೇಜೇ ಇಲ್ಲದಿದ್ದರೆ ಆ್ಯಪ್‌ಗೆ ಎಸ್‌ಎಂಎಸ್ ಅನುಮತಿ ಕೊಟ್ಟಿಲ್ಲ ಅಂತ ಮೊದಲು ಅನುಮಾನಿಸಿ. ಇದ್ದು ಕೆಂಪಾಗಿದ್ದರೆ ಪ್ಯಾಕ್ ಅಥವಾ ಸಿಗ್ನಲ್. 1 ಅಂತ ಗುರುತಿದ್ದರೆ ಬೇರೆ ಸಿಮ್‌ನಿಂದ ಹೋಗಿದೆ. ಕೆಲವು ಫೋನ್‌ಗಳು ಇದನ್ನು ತೋರಿಸುವುದೇ ಇಲ್ಲ, ಅದು ಬೇರೆ ಮಾತು. ಅಳಿಯನ ಐಫೋನಿನಲ್ಲಿ ಹಿಂದಿನಿಂದ ಕಳಿಸುವ ವ್ಯವಸ್ಥೆ ಇಲ್ಲ. ಮೆಸೇಜ್ ಬರೆದು ಎದುರಿಗೇ ಇಡುತ್ತದೆ, ಒಂದಕ್ಷರ ಮುಟ್ಟದೆ ನಾವೇ ಕಳಿಸಬೇಕು.

ಭಾನುವಾರ ಬೆಳಿಗ್ಗೆ ಕೊಡೆ ಹಿಡಿದು, ಸಂಕ ದಾಟಿ, ಗುಡ್ಡದ ಮೇಲಿನ ಗೇರು ಮರದ ಬುಡಕ್ಕೆ ಹೋದೆ. ನಮ್ಮ ಕಡೆ ಫೋನ್ ಮಾಡುವವರೆಲ್ಲ ನಿಲ್ಲುವುದು ಅಲ್ಲೇ. ಮೂರು ಕಡ್ಡಿ ಸಿಕ್ಕವು. ಒತ್ತಿ ಚಕ್ರ ತಿರುಗುತ್ತಿರುವಾಗಲೇ ನೆಟ್ ಸಿಮ್‌ಗೆ ಭಾವನ ಫೋನ್ ಬಂತು, ಅಭ್ಯಾಸಬಲದಿಂದ ಎತ್ತಿಬಿಟ್ಟೆ. ಸೋತಿತು. ನಮ್ಮಂಥವರ ಹತ್ತಿರ ಇರುವ ಎರಡು ಸಿಮ್ ಫೋನ್‌ಗಳಲ್ಲಿ ಹೆಚ್ಚಿನವುಗಳಿಗೆ ಒಂದರಲ್ಲಿ ಮಾತಾಡುತ್ತಿದ್ದರೆ ಇನ್ನೊಂದು ಸತ್ತ ಹಾಗೆ. "ಭಾವ, ಹತ್ತು ನಿಮಿಷ ಫೋನ್ ಮಾಡ್ಬೇಡಿ ಮಾರಾಯ್ರೇ" ಅಂದು ಇಟ್ಟೆ. ಮತ್ತೆ ಒತ್ತಿದೆ. ಎಂಟು, ಒಂಬತ್ತು, ಹತ್ತು ಸೆಕೆಂಡ್. ಹಸಿರು ಟಿಕ್. ಬ್ಯಾಂಕ್ ಒತ್ತಿದರೆ ಖಾತೆಯ ಕೊನೆಯ ನಾಲ್ಕು ಅಂಕಿ ಕಂಡವು.

ಕೂಲಿ 8,400 ಆಗಿತ್ತು. 5,000 ಹೋಯಿತು, ಉಳಿದದ್ದು ಹೋಗಲಿಲ್ಲ. ಹೊಸ ಫೋನಿನಲ್ಲಿ ಮೊದಲ 24 ಗಂಟೆ ಅಷ್ಟೇ ಮಿತಿ. ಕಳ್ಳತನ ತಡೆಯಲಿಕ್ಕೆ ಇಟ್ಟಿದ್ದು, ಬೈಯುವ ಹಾಗಿಲ್ಲ. ರಿಜಿಸ್ಟರ್ ಆದ ಕೂಡಲೇ ದೊಡ್ಡಕ್ಷರದಲ್ಲಿ ಹೇಳಿದ್ದರೆ ಪಕ್ಕದ ಮನೆಯಲ್ಲಿ ನಗದು ಕೇಳಿ ಇಟ್ಟುಕೊಳ್ಳುತ್ತಿದ್ದೆ. ಆ ಹುಡುಗರು ಸೋಮವಾರ ಮಿಕ್ಕಿದ್ದು ಇಸಿದುಕೊಂಡರು, ಏನೂ ಅನ್ನಲಿಲ್ಲ, ಮುಖ ಮಾತ್ರ ಸಣ್ಣದಾಗಿತ್ತು.

ಸಾಗರದ ಅತ್ತಿಗೆಗೆ ಬೇರೆಯದೇ ಗ್ರಹಚಾರ. ಹಳೇ ಸಿಮ್ ಕೊಟ್ಟು ಅದೇ ನಂಬರಿಗೆ 4ಜಿ ಸಿಮ್ ತಂದು, ಬಸ್ಸಿನಲ್ಲೇ ಆ್ಯಪ್ ರಿಜಿಸ್ಟರ್ ಮಾಡಲು ಹೊರಟಿದ್ದರು. ಸಿಮ್ ಬದಲಿಸಿದ ಮೇಲೆ 24 ಗಂಟೆ ಆ ನಂಬರಿನಿಂದ ಎಸ್‌ಎಂಎಸ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ನಕಲಿ ಸಿಮ್ ತೆಗೆದು ಖಾತೆ ದೋಚುವವರನ್ನು ತಡೆಯಲು ಮಾಡಿದ ನಿಯಮ. ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಆಮೇಲೆ ಇಷ್ಟು ತಿಂಗಳಲ್ಲಿ ಆ್ಯಪ್ ಒಂದೇ ಸಲ ಮತ್ತೆ ನಂಬರ್ ಪರಿಶೀಲಿಸಿತು. ಅದೂ ನಾನೇ ಮಾಡಿಕೊಂಡಿದ್ದು. ಅಪ್ಪಯ್ಯನ ಸಿಮ್ ನೋಡಲಿಕ್ಕೆ ನನ್ನದನ್ನು ತೆಗೆದು, ವಾಪಸ್ ಹಾಕುವಾಗ ಜಾಗ ಅದಲು ಬದಲಾಯ್ತು. ಈಗ ಫೋನಿನ ಕವರ್ ಒಳಗೆ ಚೀಟಿ ಅಂಟಿಸಿದ್ದೇನೆ: ಬ್ಯಾಂಕ್ ಸಿಮ್ 2, ಪ್ಯಾಕ್ ಮುಗಿಯುವ ತಾರೀಕು 18.

ಆ್ಯಪ್ ಮಾಡಿದವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. 'ಏನೋ ತಪ್ಪಾಗಿದೆ' ಅನ್ನುವ ಬದಲು 'ಈ ಸಿಮ್‌ನಿಂದ ಎಸ್‌ಎಂಎಸ್ ಹೋಗುತ್ತಿಲ್ಲ' ಅಂತ ಬರೆಯಿರಿ. ಹೋಗಲಿಲ್ಲ ಅನ್ನುವುದು ಫೋನಿಗೆ ಗೊತ್ತಿರುತ್ತದೆ. ಅಷ್ಟು ಬರೆದ ದಿನ ಒಂದು ಸ್ಟಾರ್ ವಾಪಸ್ ಕೊಡುತ್ತೇನೆ.