ಎರಡು ಸ್ಕ್ರಮ್ ಪ್ರಮಾಣಪತ್ರಗಳ ಬೆನ್ನುಹತ್ತಿ ನಾನು ಎಡವಿದ ಬಗೆ

ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಾಗಿ ಹಂಚಿಕೊಂಡು ಮಾಡುವ ಸ್ಕ್ರಮ್ ಪದ್ಧತಿಯಲ್ಲಿ ತಂಡಕ್ಕೆ ನೆರವಾಗುವ ಸ್ಕ್ರಮ್ ಮಾಸ್ಟರ್ ಹುದ್ದೆಗೆ ಪ್ರಯತ್ನಿಸುತ್ತಿರುವವರು ತರಬೇತಿಗೆ ಹಣ ಕಟ್ಟುವ ಮುನ್ನ ಇದನ್ನು ಓದಲಿ ಎಂಬ ಉದ್ದೇಶದಿಂದ ಬರೆಯುತ್ತಿದ್ದೇನೆ. ನಾನು ಮೊದಲು ಪಡೆದದ್ದು ಸ್ಕ್ರಮ್ ಅಲಯನ್ಸ್ ಸಂಸ್ಥೆಯ ಸಿಎಸ್ಎಂ, ಅಂದರೆ ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್ ಪ್ರಮಾಣಪತ್ರ. ಇದಕ್ಕೆ ಪರವಾನಗಿ ಪಡೆದ ತರಬೇತುದಾರರ ತರಗತಿಗೆ ಹಾಜರಾಗುವುದು ಕಡ್ಡಾಯ, ಆಮೇಲಷ್ಟೇ ಪರೀಕ್ಷೆ. ನನ್ನ ತರಗತಿ ಎರಡು ದಿನ ನಡೆಯಿತು. ಪರೀಕ್ಷೆಯಲ್ಲಿ 60 ನಿಮಿಷಕ್ಕೆ 50 ಪ್ರಶ್ನೆಗಳಿದ್ದವು, ತೇರ್ಗಡೆಗೆ 37 ಸರಿ ಉತ್ತರ ಸಾಕಿತ್ತು, ಮೊದಲ ಸಲ ತಪ್ಪಿದರೆ ತೊಂಬತ್ತು ದಿನಗಳೊಳಗೆ ಇನ್ನೊಮ್ಮೆ ಉಚಿತವಾಗಿ ಬರೆಯುವ ಅವಕಾಶವೂ ಇತ್ತು. ನನಗೆ 41 ಬಂತು, ಜೊತೆಯಲ್ಲಿ ಕುಳಿತವರೂ ಎಲ್ಲರೂ ತೇರ್ಗಡೆಯಾದರು. ಇಷ್ಟು ಸುಲಭವಾಗಿ ಸಿಕ್ಕಿದ್ದರ ಬೆಲೆ ಎಷ್ಟಿರಬಹುದೆಂದು ಆಗಲೇ ಯೋಚಿಸಬೇಕಿತ್ತು.

ತರಬೇತಿ ನಡೆಸಿದ ಸಂಸ್ಥೆಯ ಜಾಹೀರಾತಿನಲ್ಲಿ 'ಜೀವನಪರ್ಯಂತ ಮೌಲ್ಯ' ಎಂಬ ಮಾತಿತ್ತು, ನಾನು ಅದನ್ನು ನಂಬಿದ್ದೆ. ವಾಸ್ತವದಲ್ಲಿ ಸಿಎಸ್ಎಂ ಎರಡು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅದಕ್ಕೆ 100 ಡಾಲರ್ ಶುಲ್ಕದ ಜೊತೆಗೆ ಕಲಿಕೆಯ 20 ಘಟಕಗಳನ್ನು ದಾಖಲಿಸಬೇಕು. ನಾನು ಎರಡನ್ನೂ ಮಾಡಿರಲಿಲ್ಲ. ಆದರೂ ರೆಸ್ಯೂಮೆಯ ಮೊದಲ ಸಾಲಿನಲ್ಲೇ ಆ ಮೂರಕ್ಷರ ಉಳಿದಿತ್ತು. ಸಂದರ್ಶನ ನಡೆಸಿದ ಮ್ಯಾನೇಜರ್ ನನ್ನೆದುರಿಗೇ ಅದನ್ನು ಪರಿಶೀಲಿಸಿ, ಅವಧಿ ಮುಗಿದಿರುವುದನ್ನು ತೋರಿಸಿ, "ಇದು ನಿಮಗೆ ಗೊತ್ತಿರಲಿಲ್ಲವೇ?" ಎಂದು ಕೇಳಿದರು. ಗೊತ್ತಿರಲಿಲ್ಲ ಎಂದರೂ ಕಷ್ಟ, ಗೊತ್ತಿತ್ತು ಎಂದರಂತೂ ಇನ್ನೂ ಕಷ್ಟ.

ಅವರ ಮುಂದಿನ ಪ್ರಶ್ನೆಯೇ ನನ್ನನ್ನು ಕೆಡವಿದ್ದು. ತಂಡ ಒಂದು ಗುರಿ ಇಟ್ಟುಕೊಂಡು ಕೆಲಸ ಮಾಡುವ ಚಿಕ್ಕ ಅವಧಿಯಾದ ಸ್ಪ್ರಿಂಟ್‌ನ ನಡುವೆ ಮಾರುಕಟ್ಟೆ ಬದಲಾಗಿ ಸ್ಪ್ರಿಂಟ್ ಗುರಿಯೇ ಅರ್ಥ ಕಳೆದುಕೊಂಡರೆ ಸ್ಪ್ರಿಂಟನ್ನು ಯಾರು ರದ್ದುಮಾಡಬಹುದು ಎಂದು ಕೇಳಿದರು. ಸ್ಕ್ರಮ್ ಮಾಸ್ಟರ್ ಎಂದೆ. ಆ ಅಧಿಕಾರ ಉತ್ಪನ್ನದ ಹೊಣೆ ಹೊತ್ತ ಪ್ರಾಡಕ್ಟ್ ಓನರ್‌ಗೆ ಮಾತ್ರ ಇದೆ ಎಂಬುದು ಸ್ಕ್ರಮ್‌ನ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್‌ನಲ್ಲೇ ಸ್ಪಷ್ಟವಾಗಿದೆ. ಹದಿಮೂರು ಪುಟಗಳ ಆ ದಾಖಲೆಯನ್ನು ನಾನು ಆರಂಭದಿಂದ ಕೊನೆಯವರೆಗೆ ಒಮ್ಮೆಯೂ ಓದಿರಲಿಲ್ಲ, ಓದದೆಯೇ ಪ್ರಮಾಣಪತ್ರ ಪಡೆದಿದ್ದೆ.

ಹಾಗಾದರೆ ತರಗತಿಯೇ ಇಲ್ಲದ ಪರೀಕ್ಷೆ ವಾಸಿ ಎಂದು ತೀರ್ಮಾನಿಸಿ ಸ್ಕ್ರಮ್.ಆರ್ಗ್‌ನ ಪಿಎಸ್ಎಂ 1, ಅಂದರೆ ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್‌ನ ಮೊದಲ ಹಂತದ ಪರೀಕ್ಷೆಗೆ ಹೋದೆ. ಸ್ಕ್ರಮ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಶ್ವೇಬರ್ 2009ರಲ್ಲಿ ಸ್ಕ್ರಮ್ ಅಲಯನ್ಸ್ ಬಿಟ್ಟು ಕಟ್ಟಿದ ಸಂಸ್ಥೆ ಅದು. ಅಲ್ಲಿ ಹಾಜರಾತಿಯ ನಿಯಮವಿಲ್ಲ, ನವೀಕರಣವೂ ಇಲ್ಲ. ಆದರೆ 60 ನಿಮಿಷಕ್ಕೆ 80 ಪ್ರಶ್ನೆಗಳು, ಅಂದರೆ ಒಂದಕ್ಕೆ 45 ಸೆಕೆಂಡು, ತೇರ್ಗಡೆಗೆ ಶೇ. 85 ಬೇಕು, ಅಂದರೆ 68 ಅಂಕ. ನನಗೆ ಸಿಕ್ಕಿದ್ದು 66.

ಇಲ್ಲಿ ತಪ್ಪು ಪೂರ್ತಿಯಾಗಿ ನನ್ನದೇ. ಯಾರೋ ಮಾರುತ್ತಿದ್ದ ಪ್ರಶ್ನೋತ್ತರಗಳ ಸಂಗ್ರಹವನ್ನು ಕೊಂಡು ಬಾಯಿಪಾಠ ಮಾಡಿದ್ದೆ. ಅದರಲ್ಲಿ 'ಡೆವಲಪ್‌ಮೆಂಟ್ ಟೀಮ್' ಮೂರರಿಂದ ಒಂಬತ್ತು ಜನರದ್ದಾಗಿರಬೇಕು ಎಂದಿತ್ತು. 2020ರ ಗೈಡ್ ಆ ಹೆಸರನ್ನೇ ಕೈಬಿಟ್ಟಿದೆ. ಈಗ 'ಡೆವಲಪರ್ಸ್' ಎನ್ನುತ್ತಾರೆ, ಇಡೀ ಸ್ಕ್ರಮ್ ತಂಡ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಜನರದ್ದು ಎನ್ನುತ್ತಾರೆ. ತಂಡದ ದಿನನಿತ್ಯದ ಕಿರುಸಭೆಯಾದ ಡೈಲಿ ಸ್ಕ್ರಮ್‌ನಲ್ಲಿ ಕೇಳಬೇಕೆಂದು ನಾನು ಕಲಿತಿದ್ದ ಮೂರು ಪ್ರಶ್ನೆಗಳೂ ಈ ಹೊಸ ಗೈಡ್‌ನಲ್ಲಿಲ್ಲ. ನನಗೆ ತಪ್ಪಿದ ಎರಡು ಅಂಕ ಇಂಥಲ್ಲೇ ಹೋಗಿರಬೇಕು. ಮತ್ತೆ ಬರೆಯಲು ಮತ್ತೆ ಹಣ ಕಟ್ಟಬೇಕಾಯಿತು.

ಎರಡನೆಯ ಸಲ ಗೈಡನ್ನು ಸಾಲುಸಾಲಾಗಿ ಓದಿ, ಉಚಿತವಾಗಿ ಸಿಗುವ 'ಸ್ಕ್ರಮ್ ಓಪನ್' ಅಭ್ಯಾಸ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಪೂರ್ಣಾಂಕ ಬರುವವರೆಗೂ ಕಾದು ತೇರ್ಗಡೆಯಾದೆ. ಇನ್ನೇನು ಬಾಗಿಲು ತೆರೆಯಿತು ಎಂದುಕೊಂಡಿದ್ದೆ. ಆದರೆ ನಂತರದ ಸಂದರ್ಶನವೊಂದರಲ್ಲಿ ಮ್ಯಾನೇಜರ್ ನೇರವಾಗಿಯೇ ಹೇಳಿದರು: "ಸಿಎಸ್ಎಂ ನೋಡಿದರೆ ನೀವು ಎರಡು ದಿನ ಕುಳಿತಿದ್ದಿರಿ ಎಂದು ತಿಳಿಯುತ್ತದೆ. ಪಿಎಸ್ಎಂ ನೋಡಿದರೆ ಗೈಡ್ ಓದಿದ್ದೀರಿ ಎಂದು ತಿಳಿಯುತ್ತದೆ. ಅದೂ ಮನೆಯಲ್ಲಿ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆಯಬಹುದಾದ ಪರೀಕ್ಷೆ. ರೆಸ್ಯೂಮೆಗಳ ರಾಶಿಯನ್ನು ಸೋಸುವಾಗ ಎಚ್‌ಆರ್‌ನವರು ಎರಡರಲ್ಲಿ ಒಂದನ್ನು ಹುಡುಕುತ್ತಾರೆ. ನನ್ನ ಮೇಜಿಗೆ ಬಂದ ಮೇಲೆ ಅದರ ಕೆಲಸ ಮುಗಿಯಿತು." ಆಮೇಲೆ ಅವರು ಅರ್ಧ ಗಂಟೆ ಕೇಳಿದ್ದೆಲ್ಲ ಒಂದೇ ವಿಷಯ: ಮೂರು ಸ್ಪ್ರಿಂಟ್‌ಗಳಿಂದ ಗುರಿ ಮುಟ್ಟದ ತಂಡದಲ್ಲಿ ಸ್ಪ್ರಿಂಟ್ ಕೊನೆಯ ಅವಲೋಕನ ಸಭೆಯಾದ ರೆಟ್ರೊಸ್ಪೆಕ್ಟಿವ್ ಹೇಗೆ ನಡೆಸಿದಿರಿ, ಅದರಿಂದ ಏನು ಬದಲಾಯಿತು. ತರಗತಿಯಲ್ಲಿ ಆಟದ ಇಟ್ಟಿಗೆ ಜೋಡಿಸಿ ಕಲಿತದ್ದಾಗಲಿ, 45 ಸೆಕೆಂಡಿನಲ್ಲಿ ಗುರುತು ಹಾಕಲು ಕಲಿತದ್ದಾಗಲಿ ಅಲ್ಲಿ ನೆರವಿಗೆ ಬರಲಿಲ್ಲ.

ಈಗ ನನ್ನನ್ನು ಯಾರಾದರೂ ಕೇಳಿದರೆ, ಮೊದಲು ಬೇಕಾದ ಹುದ್ದೆಯ ಹತ್ತಿಪ್ಪತ್ತು ಪ್ರಕಟಣೆಗಳಲ್ಲಿ ಯಾವ ಹೆಸರಿದೆ ಎಂದು ಎಣಿಸಿ ನೋಡಲು ಹೇಳುತ್ತೇನೆ. ಸಿಎಸ್ಎಂ ಎಂದು ಸ್ಪಷ್ಟವಾಗಿ ಬರೆದಿದ್ದರೆ ಅಥವಾ ಸಂಸ್ಥೆಯೇ ಖರ್ಚು ಭರಿಸುವುದಾದರೆ ತರಗತಿಗೆ ಹೋಗಬಹುದು. ಆಗಲೂ ತರಬೇತುದಾರರ ಹೆಸರು ಸ್ಕ್ರಮ್ ಅಲಯನ್ಸ್‌ನ ಪಟ್ಟಿಯಲ್ಲಿದೆಯೇ, ನವೀಕರಣದ ಖರ್ಚು ಯಾರದ್ದು ಎಂದು ಕೇಳಿಕೊಳ್ಳಬೇಕು. ಸ್ವಂತ ಹಣವಾದರೆ ಪಿಎಸ್ಎಂ 1 ಸಾಕು. ನನ್ನ ರೆಸ್ಯೂಮೆಯಲ್ಲಿ ಈಗ ಪಿಎಸ್ಎಂ ಕೊನೆಯ ಪುಟದಲ್ಲಿದೆ. ಮೊದಲ ಪುಟದಲ್ಲಿ ಇರುವುದು ನಾನು ನಡೆಸಿ ಕೆಟ್ಟುಹೋದ ಒಂದು ರೆಟ್ರೊಸ್ಪೆಕ್ಟಿವ್ ಮತ್ತು ಅದರ ನಂತರದ ಎರಡು ಸ್ಪ್ರಿಂಟ್‌ಗಳ ಕಥೆ.