ಒಂದೇ ಹಾಡಿಗೆ ಮೂರು ಬಗೆಯ ಕ್ಲಿಕ್: ನಮ್ಮ ಡ್ರಮ್ಮರ್ ಯಾವುದರ ಜೊತೆ ನಿಂತ?

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಜಾತ್ರೆ, ಗಣೇಶೋತ್ಸವಗಳಲ್ಲಿ ನಮ್ಮ ರಸಮಂಜರಿ ತಂಡ ಹಾಡುತ್ತದೆ. ವೇದಿಕೆಯಲ್ಲಿ ಗಾಯಕಿ, ಕೊಳಲು, ಕೀಬೋರ್ಡ್, ಡ್ರಮ್ಸ್ ಇರುತ್ತವೆ. ಬೇಸ್, ಸ್ಟ್ರಿಂಗ್ಸ್, ಸಣ್ಣ ಪರ್ಕಷನ್ ಲೂಪ್‌ಗಳು ಲ್ಯಾಪ್‌ಟಾಪಿನ ಟ್ರ್ಯಾಕಿನಿಂದ ಬರುತ್ತವೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಡ್ರಮ್ಮರ್ ಕಿವಿಯಲ್ಲಿ ಬೀಟ್ ತೋರಿಸುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್, ಇರಲೇಬೇಕು. ಆ ಕ್ಲಿಕ್ ಹೇಗಿರಬೇಕು ಎನ್ನುವುದೇ ಪ್ರಶ್ನೆ.

ನಾವೇ ರಾಗ ಹಾಕಿದ ಒಂದು ಹಾಡಿನ ಮೇಲೆ ಮೂರು ದಾರಿಗಳನ್ನು ಪರೀಕ್ಷಿಸಿದೆ. ನಾಲ್ಕು ಬೀಟಿನ ಬಾರ್, 16 ಬಾರ್ ಪಲ್ಲವಿ, 16 ಬಾರಿನ ಚರಣಗಳು, ಪ್ರತಿ ಚರಣದ ನಂತರ ಪಲ್ಲವಿ, ಕೊನೆಗೆ ಮತ್ತೊಮ್ಮೆ ಪಲ್ಲವಿ. ಕ್ಲಿಕ್ ಇಲ್ಲದೆ ನುಡಿಸಿದಾಗ ಚರಣ ನಿಮಿಷಕ್ಕೆ ಸುಮಾರು 88 ಬೀಟ್ ವೇಗದಲ್ಲಿ, ಪಲ್ಲವಿ 92ರಲ್ಲಿ, ಕೊನೆಯ ಪಲ್ಲವಿ 95ರಲ್ಲಿ ಹೋಗುತ್ತಿತ್ತು. ಕೆಲಸವೆಲ್ಲ ರೀಪರ್‌ನಲ್ಲಿ ಮಾಡಿದ್ದು. ಬೇರೆ ಸಾಫ್ಟ್‌ವೇರಿನಲ್ಲಿ ಮೆನುವಿನ ಹೆಸರು ಬೇರೆ ಇರಬಹುದು, ಲೆಕ್ಕ ಅದೇ.

ಮೊದಲನೆಯದು, ಇಡೀ ಹಾಡಿಗೆ ಒಂದೇ ವೇಗ. 92 ಎಂದು ಹಾಕಿದರೆ ಕೆಲಸ ಮುಗಿಯಿತು. ಡ್ರಮ್ಮರ್‌ಗೆ ಇದು ಎಲ್ಲಕ್ಕಿಂತ ಸುಲಭ, ಏಕೆಂದರೆ ಕ್ಲಿಕ್ ಎಲ್ಲಿಯೂ ಬದಲಾಗುವುದಿಲ್ಲ. ಕುಣಿಸುವ ಹಾಡಾದರೆ ನಾನು ಈಗಲೂ ಇದನ್ನೇ ಹಾಕುತ್ತೇನೆ. ಆದರೆ ನಮ್ಮ ಈ ಹಾಡಿನ ಚರಣದಲ್ಲಿ ಪದಗಳು ಜಾಸ್ತಿ. 16 ಬಾರ್ ಎಂದರೆ 64 ಬೀಟ್. 88ರಲ್ಲಿ ಅದು 43.6 ಸೆಕೆಂಡ್ ಹಿಡಿಯುತ್ತದೆ, 92ರಲ್ಲಿ 41.7. ಹತ್ತಿರ ಹತ್ತಿರ ಮೂರು ಬೀಟಿನಷ್ಟು ಸಮಯ ಗಾಯಕಿಯ ಕೈಯಿಂದ ಹೋಯಿತು. ಸಾಲುಗಳ ನಡುವೆ ಉಸಿರು ತೆಗೆದುಕೊಳ್ಳುವ ಜಾಗವೇ ಇಲ್ಲ. 88ಕ್ಕೆ ಇಳಿಸಿದರೆ ಚರಣ ಸರಿಹೋಗುತ್ತದೆ, ಆದರೆ ಕೊನೆಯ ಪಲ್ಲವಿ ಏಳುವುದೇ ಇಲ್ಲ. 90 ಎಂದು ನಡುವೆ ನಿಲ್ಲಿಸಿದರೆ ಎರಡೂ ಕಡೆ ಅರ್ಧರ್ಧ ಸಮಾಧಾನ ಅಷ್ಟೇ.

ಎರಡನೆಯ ದಾರಿಯ ಮೇಲೆ ನನಗೆ ತುಂಬ ಆಸೆ ಇತ್ತು. ತಂಡ ಕ್ಲಿಕ್ ಇಲ್ಲದೆ ಚೆನ್ನಾಗಿ ನುಡಿಸಿದ ಒಂದು ರೆಕಾರ್ಡಿಂಗ್ ತೆಗೆದುಕೊಂಡು, ಅದರ ಒಂದೊಂದು ಬೀಟಿಗೂ ಟೆಂಪೋ ಮಾರ್ಕರ್ ಇಟ್ಟು, ಆ ನಕ್ಷೆಗೆ ಟ್ರ್ಯಾಕನ್ನು ಕೂರಿಸುವುದು. ಆಗ ಟ್ರ್ಯಾಕೇ ನಮ್ಮಂತೆ ಉಸಿರಾಡುತ್ತದೆ, ಅಲ್ವಾ? ಕೇಳುವವರಿಗೆ ಹೌದು. ಆ ರೆಕಾರ್ಡಿಂಗಿನ ಜೊತೆ ಸೇರಿಸಿ ಕೇಳಿದರೆ ಬೇಸ್ ಮತ್ತು ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿನ ಕಿಕ್ ಒಂದಾಗಿ ಬೀಳುತ್ತವೆ. ಸ್ಟುಡಿಯೋದಲ್ಲಿ, ಮೊದಲೇ ನುಡಿಸಿದ ಡ್ರಮ್ಸಿಗೆ ಮೇಲಿಂದ ಸ್ಟ್ರಿಂಗ್ಸ್ ಸೇರಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ಅದೇ ಕ್ಲಿಕ್ಕಿಗೆ ಹೊಸದಾಗಿ ನುಡಿಸಲು ಕೂತಾಗ ನಮ್ಮ ಡ್ರಮ್ಮರ್ ಪರದಾಡಿದ. ಅವನದೇ ನುಡಿತದಿಂದ ಬಂದ ನಕ್ಷೆ, ಆದರೂ ಅವನಿಗೇ ಒಗ್ಗಲಿಲ್ಲ. ಡ್ರಮ್ಮರ್ ಕ್ಲಿಕ್ ಕೇಳಿದ ಮೇಲೆ ಹೊಡೆಯುವುದಿಲ್ಲ. ಹಿಂದಿನ ಬೀಟುಗಳ ಅಂತರದಿಂದ ಮುಂದಿನದು ಎಲ್ಲಿ ಬೀಳುತ್ತದೆ ಎಂದು ಊಹಿಸಿ ಹೊಡೆಯುತ್ತಾನೆ. ಅಂತರ ಪ್ರತಿ ಬಾರಿಯೂ ಸ್ವಲ್ಪ ಬೇರೆಯಾದರೆ ಊಹೆ ಪ್ರತಿ ಬಾರಿಯೂ ಸ್ವಲ್ಪ ತಪ್ಪುತ್ತದೆ. ಅದನ್ನು ಸರಿಮಾಡಲು ಅವನು ಮುಂದಿನ ಬೀಟಿನಲ್ಲಿ ಎಳೆಯುತ್ತಾನೆ. ಅಷ್ಟರಲ್ಲಿ ಕ್ಲಿಕ್ ಇನ್ನೊಂದು ಕಡೆ ಸರಿದಿರುತ್ತದೆ.

ಅವನು ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಚೆಂಡೆ ನುಡಿಸಿ ಬಂದವನು. ಭಾಗವತರ ಜಾಗಟೆಯ ಜೊತೆ ವೇಗ ಏರಿಸುವುದು, ಇಳಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅಂಥವನೇ ಹೇಳಿದ ಮಾತು ಇದು: "ಭಾಗವತರು ನನ್ನ ಪೆಟ್ಟನ್ನೂ ಕೇಳಿಸಿಕೊಳ್ಳುತ್ತಾರೆ ಅಣ್ಣ. ನಾನು ಹಿಂದೆ ಬಿದ್ದರೆ ಅವರಿಗೆ ಗೊತ್ತಾಗುತ್ತದೆ. ಇದಕ್ಕೆ ಗೊತ್ತಾಗುವುದಿಲ್ಲ."

ಇನ್ನೊಂದು ತೊಂದರೆ ಮಾರ್ಕರ್ ಇಡುವ ಕೈಯದ್ದು. ತರಂಗ ನೋಡಿ ಕಿಕ್ ಶುರುವಾಗುವ ಜಾಗ ಗುರುತಿಸುವಾಗ 10 ಮಿಲಿಸೆಕೆಂಡ್ ಆಚೀಚೆ ಆಗುವುದು ಸಹಜ. 88ರಲ್ಲಿ ಒಂದು ಬೀಟ್ ಎಂದರೆ 682 ಮಿಲಿಸೆಕೆಂಡ್. ಒಂದೊಂದು ಬೀಟಿಗೂ ಮಾರ್ಕರ್ ಇಟ್ಟರೆ ಆ 10 ಮಿಲಿಸೆಕೆಂಡ್ ಟೆಂಪೋದಲ್ಲಿ 1.3ರಷ್ಟು ಜಿಗಿತವಾಗಿ ಕಾಣುತ್ತದೆ. ಒಂದು ಬಾರ್‌ಗೆ ಒಂದು ಮಾರ್ಕರ್ ಇಟ್ಟರೆ ಅದೇ ತಪ್ಪು 0.3ಕ್ಕೆ ಇಳಿಯುತ್ತದೆ. 16 ಬಾರ್‌ಗಳಿಗೆ ಒಂದೇ ಮಾರ್ಕರ್ ಆದರೆ 0.02, ಅಂದರೆ ಇಲ್ಲವೇ ಇಲ್ಲ ಎನ್ನಬಹುದು. ಎರಡು ಮಾರ್ಕರ್‌ಗಳ ನಡುವಿನ ದೂರ ಹೆಚ್ಚಿದಷ್ಟೂ ಕ್ಲಿಕ್ ನುಡಿಸಲು ಯೋಗ್ಯವಾಗುತ್ತದೆ. ಮೂರನೆಯ ದಾರಿ ಹುಟ್ಟಿದ್ದು ಈ ಲೆಕ್ಕದಿಂದ.

ಅದರಲ್ಲಿ ರೆಕಾರ್ಡಿಂಗಿನಿಂದ ಒಂದೊಂದು ಭಾಗದ ಸರಾಸರಿ ವೇಗವನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಮೊದಲು ರೆಕಾರ್ಡಿಂಗನ್ನು ಪ್ರಾಜೆಕ್ಟಿಗೆ ತಂದು, ಅದರ `Item timebase` ಅನ್ನು `Time` ಎಂದು ಮಾಡಬೇಕು. ಇದನ್ನು ಬಿಟ್ಟರೆ ನೀವು ಟೆಂಪೋ ಬದಲಿಸಿದಾಗಲೆಲ್ಲ ರೆಕಾರ್ಡಿಂಗೂ ಜಾಗ ಬದಲಿಸಬಹುದು ಅಥವಾ ಹಿಗ್ಗಬಹುದು. ಆಮೇಲೆ ಅಳತೆಗೆ ಅರ್ಥವೇ ಇಲ್ಲ. ನಂತರ ಚರಣದ ಮೊದಲ ಕಿಕ್‌ನಿಂದ ಮುಂದಿನ ಭಾಗದ ಮೊದಲ ಕಿಕ್‌ವರೆಗೆ ಎಷ್ಟು ಸೆಕೆಂಡ್ ಎಂದು ನೋಡಿ ಭಾಗಿಸುವುದು:

```
BPM = ಬೀಟ್ × 60 ÷ ಸೆಕೆಂಡ್
64 × 60 ÷ 43.6 = 88.07
```

88.07 ಅನ್ನು 88 ಎಂದು ಹಿಡಿಯುತ್ತೇನೆ. ಹೀಗೆ ಇಡೀ ಹಾಡಿಗೆ ಮೂರೇ ವೇಗಗಳು: 88, 92, 95.

ಈಗ ಒಂದರಿಂದ ಇನ್ನೊಂದಕ್ಕೆ ದಾಟುವುದು ಹೇಗೆ? ಪಲ್ಲವಿಯ ಮೊದಲ ಬೀಟಿನಲ್ಲೇ 88ರಿಂದ 92ಕ್ಕೆ ಹಾರಿಸಿದರೆ ಬೀಟಿನ ಅಂತರ 682ರಿಂದ ಒಮ್ಮೆಲೇ 652 ಮಿಲಿಸೆಕೆಂಡಿಗೆ ಇಳಿಯುತ್ತದೆ. ಡ್ರಮ್ಮರ್ ಹಳೆಯ ಅಂತರದಲ್ಲೇ ಇರುತ್ತಾನೆ. ಎರಡನೆಯ ಬೀಟಿನಲ್ಲಿ ಅವನು 30 ಮಿಲಿಸೆಕೆಂಡ್ ಹಿಂದೆ. ಅಷ್ಟಾದರೆ ಕಿಕ್ ಮತ್ತು ಟ್ರ್ಯಾಕಿನ ಬೇಸ್ ಎರಡು ಬೇರೆ ಸದ್ದಾಗಿ ಕೇಳಿಸಲು ಶುರುವಾಗುತ್ತವೆ. ಅದೂ ಪಲ್ಲವಿ ಏಳುವ ಜಾಗದಲ್ಲಿ!

ಅದರ ಬದಲು ಪಲ್ಲವಿಗೆ ಎರಡು ಬಾರ್ ಮೊದಲು 88ರ ಮಾರ್ಕರ್ ಇಟ್ಟು, ಅದರಲ್ಲಿ `Gradually transition tempo to next marker` ಎನ್ನುವುದನ್ನು ಆನ್ ಮಾಡುತ್ತೇನೆ. ಪಲ್ಲವಿಯ ಮೊದಲ ಬೀಟಿಗೆ 92ರ ಮಾರ್ಕರ್. ಆಗ ಆ 30 ಮಿಲಿಸೆಕೆಂಡ್ ಎಂಟು ಬೀಟುಗಳಿಗೆ ಹಂಚಿಹೋಗುತ್ತದೆ, ಬೀಟಿಗೆ ನಾಲ್ಕು ಮಿಲಿಸೆಕೆಂಡೂ ಇಲ್ಲ. ಆ ಎರಡು ಬಾರ್‌ಗಳಲ್ಲೇ ಡ್ರಮ್ಮರ್ ಮುಂದಿನ ಭಾಗಕ್ಕೆ ಕೊಂಡೊಯ್ಯುವ ತುಂಬು ಪೆಟ್ಟುಗಳ ಫಿಲ್ ನುಡಿಸುತ್ತಾನೆ. ಫಿಲ್‌ನಲ್ಲಿ ಕೈ ಹೇಗೂ ಮುಂದಕ್ಕೆ ಹೋಗುತ್ತದೆ, ಕ್ಲಿಕ್ಕೂ ಅದೇ ಕಡೆಗೆ ಸಾಗುತ್ತದೆ. ವೇಗ ಎಲ್ಲಿ ಬದಲಾಯಿತು ಎಂದು ಅವನಿಗೂ ಹೇಳಲು ಆಗಲಿಲ್ಲ. ಪಲ್ಲವಿಯಿಂದ ಚರಣಕ್ಕೆ ಇಳಿಯುವಾಗಲೂ ಎರಡು ಬಾರ್ ಸಾಕು, ಆದರೆ ಅಲ್ಲಿ ಫಿಲ್ ತುಂಬಿಸಬಾರದು. ಕ್ಲಿಕ್ ನಿಧಾನವಾಗುವಾಗ ಕೈ ತುಂಬ ಕೆಲಸ ಮಾಡುತ್ತಿದ್ದರೆ ಅವನು ಓಡಿಬಿಡುತ್ತಾನೆ.

ನಕ್ಷೆ ಸರಿಯಿದೆಯೇ ಎಂದು ತಿಳಿಯಲು ರಿಹರ್ಸಲ್‌ನ ಡ್ರಮ್ಸನ್ನು ಅದೇ ಪ್ರಾಜೆಕ್ಟಿನಲ್ಲಿ ರೆಕಾರ್ಡ್ ಮಾಡಿ, ಕಿಕ್ ಗ್ರಿಡ್‌ಗಿಂತ ಎಷ್ಟು ಆಚೀಚೆ ಬಿದ್ದಿದೆ ಎಂದು ನೋಡುತ್ತೇನೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ಮುಂದೆ ಹೋಗುತ್ತಿದ್ದರೆ ತಪ್ಪು ನಕ್ಷೆಯದ್ದು, ಅಲ್ಲಿ ವೇಗ ಏರಿಸಬೇಕು. ಎಲ್ಲೆಂದರಲ್ಲಿ ಚದುರಿದ್ದರೆ ಅವನಿಗೆ ಕ್ಲಿಕ್ ಸರಿಯಾಗಿ ಕೇಳಿಸುತ್ತಿಲ್ಲ. ಇಡೀ ಹಾಡಿನಲ್ಲಿ ಒಂದೇ ಸಮ ಸ್ವಲ್ಪ ಹಿಂದಿದ್ದರೆ ಅದು ಅವನ ನಡೆ. ಅದನ್ನು ಮುಟ್ಟಬೇಡಿ.

ಕೇಳಿಸುವ ವಿಷಯಕ್ಕೆ ಬಂದರೆ, ಕ್ಲಿಕ್ಕನ್ನು ಮೆಟ್ರೋನೋಮ್ ಬಟನ್ನಿನಿಂದ ಕೊಡದೆ `Insert > Click source` ಮೂಲಕ ಬೇರೆ ಟ್ರ್ಯಾಕಿನಲ್ಲಿ ಹಾಕುತ್ತೇನೆ. ಅದು ನಕ್ಷೆಯನ್ನೇ ಹಿಂಬಾಲಿಸುತ್ತದೆ. ಬೇಕಾದ ಕಡೆ ಕತ್ತರಿಸಬಹುದು, ಔಟ್‌ಪುಟ್ಟನ್ನೂ ಬೇರೆ ಮಾಡಬಹುದು. ನಮ್ಮ ಆಡಿಯೋ ಇಂಟರ್‌ಫೇಸಿನ ಔಟ್‌ಪುಟ್ 1-2ರಿಂದ ಟ್ರ್ಯಾಕ್ ಮಿಕ್ಸರ್‌ಗೆ ಹೋಗುತ್ತದೆ, 3ರಿಂದ ಕ್ಲಿಕ್ ಡ್ರಮ್ಮರ್‌ನ ಹೆಡ್‌ಫೋನಿಗೆ. ವೈರ್ ಇರುವ ಹೆಡ್‌ಫೋನೇ ಬೇಕು. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಆಗ ಇಷ್ಟು ಹೊತ್ತು ಮಾಡಿದ ಮಿಲಿಸೆಕೆಂಡ್ ಲೆಕ್ಕವೆಲ್ಲ ವ್ಯರ್ಥ. ಚೂಪಾದ ಟಿಕ್ ಸದ್ದು ಹೈಹ್ಯಾಟ್, ಸಿಂಬಲ್‌ಗಳ ನಡುವೆ ಮುಳುಗಿಹೋಗುತ್ತದೆ. ಮರದ ತುಂಡು ಬಡಿದಂಥ ಸದ್ದು ಕಡಿಮೆ ವಾಲ್ಯೂಮಿನಲ್ಲೂ ಸ್ಪಷ್ಟವಾಗಿ ಕೇಳುತ್ತದೆ, ಕಿವಿಗೂ ಒಳ್ಳೆಯದು. ವೇಗ ಬದಲಾಗುವ ಎರಡು ಬಾರ್‌ಗಳಲ್ಲಿ ಮಾತ್ರ ಅರ್ಧ ಬೀಟಿಗೂ ಒಂದು ಮೆಲ್ಲನೆಯ ಪೆಟ್ಟು ಸೇರಿಸಿದ್ದೇನೆ. ಊಹಿಸಬೇಕಾದ ಅಂತರ ಅರ್ಧಕ್ಕೆ ಇಳಿಯುವುದರಿಂದ ಏರಿಕೆ ಅವನ ಕೈಗೆ ಬೇಗ ಸಿಗುತ್ತದೆ.

ಮೂರು ದಾರಿಗಳಿಗೂ ಆಗದ ಒಂದು ಜಾಗ ನಮ್ಮ ಹಾಡಿನಲ್ಲಿದೆ. ಒಂದು ಚರಣದ ಕೊನೆಯಲ್ಲಿ ಗಾಯಕಿ ಒಂದು ಸ್ವರವನ್ನು ತನಗೆ ಬೇಕಾದಷ್ಟು ಹೊತ್ತು ಹಿಡಿಯುತ್ತಾಳೆ. ಜನ ಚಪ್ಪಾಳೆ ತಟ್ಟಿದರೆ ಇನ್ನೂ ಹೊತ್ತು. ಅದಕ್ಕೆ ಯಾವ ನಕ್ಷೆಯೂ ಬರೆಯಲಾಗದು, ಟ್ರ್ಯಾಕ್ ನಿಲ್ಲಲೇಬೇಕು. ರೀಪರ್‌ಗೆ SWS ಎಕ್ಸ್‌ಟೆನ್ಷನ್ ಹಾಕಿ, ಅದರಲ್ಲಿ ಮಾರ್ಕರ್ ಆಕ್ಷನ್ ಆನ್ ಮಾಡಿ, ಆ ಜಾಗದಲ್ಲಿ `!1008` ಎಂಬ ಹೆಸರಿನ ಮಾರ್ಕರ್ ಇಟ್ಟರೆ ಪ್ಲೇಬ್ಯಾಕ್ ಅಲ್ಲಿಗೆ ಬಂದಾಗ ಪಾಜ್ ಆಗುತ್ತದೆ. `!1016` ಎಂದರೆ ಸ್ಟಾಪ್, ಅದು ಕರ್ಸರನ್ನು ಶುರುವಿನ ಜಾಗಕ್ಕೆ ಒಯ್ಯುತ್ತದೆ. ಅದು ಇಲ್ಲಿ ಬೇಡ. ಮಾರ್ಕರ್ ಕೆಲಸ ಮಾಡಲು ಒಂದಿಷ್ಟು ಕ್ಷಣ ಆಚೀಚೆ ಆಗುವುದರಿಂದ ಅದರ ಸುತ್ತ ಟ್ರ್ಯಾಕಿನ ಸದ್ದು ಇರಬಾರದು. ಅಲ್ಲಿ ಸ್ವರವನ್ನು ಕೀಬೋರ್ಡಿನವನು ಕೈಯಲ್ಲೇ ಹಿಡಿದಿರುತ್ತಾನೆ. ಮಾರ್ಕರ್ ಆದ ಮೇಲೆ ಬರೀ ಕ್ಲಿಕ್ ಇರುವ ಒಂದು ಬಾರ್, ಅದೂ ಪಲ್ಲವಿಯ 92ರಲ್ಲೇ. ನಡುವೆ ತಡೆ ಇರುವುದರಿಂದ ಇಲ್ಲಿ ನಿಧಾನ ಏರಿಕೆ ಬೇಕಿಲ್ಲ. ಗಾಯಕಿ ತಲೆಯಾಡಿಸಿದಾಗ ಡ್ರಮ್ಮರ್ ಕಾಲಿನ ಪೆಡಲ್ ಒತ್ತಿ ಪ್ಲೇ ಕೊಡುತ್ತಾನೆ, ನಾಲ್ಕು ಕ್ಲಿಕ್ ಕೇಳುತ್ತಾನೆ, ಐದನೆಯದಕ್ಕೆ ಎಲ್ಲರೂ ಒಟ್ಟಿಗೆ.