ಚಿತ್ರ ನೋಡಿ ಮೇಲೋಗರದ ಹೆಸರು ಹೇಳುವುದು: ತರಕಾರಿ, ಹದ, ಎಲೆಯ ಮೇಲಿನ ಜಾಗ – ಇವುಗಳಲ್ಲಿ ಯಾವುದನ್ನು ನಂಬಬಹುದು?

ಚಿತ್ರದಲ್ಲಿರುವ ಮೇಲೋಗರ ಯಾವುದೆಂದು ಊಹಿಸಬೇಕಾಗಿ ಬಂದಾಗ ನಾನು ಈಗ ಮೊದಲು ನೋಡುವುದು ಅದರ ಹದವನ್ನು. ಬಡಿಸಿದ ಜಾಗವನ್ನು ಆಮೇಲೆ ನೋಡುತ್ತೇನೆ, ತರಕಾರಿಯನ್ನೂ ಬಣ್ಣವನ್ನೂ ಕೊನೆಗೆ ನೋಡುತ್ತೇನೆ. ಕಳೆದ ವರ್ಷದವರೆಗೆ ಈ ಕ್ರಮ ತಲೆಕೆಳಗಾಗಿತ್ತು. ಅದರ ಫಲವಾಗಿ ನಮ್ಮ ಮನೆಯ ಪೂಜೆಯ ದಿನ 60 ಮಂದಿಗೆ ಬೇಡದ ಪದಾರ್ಥವೊಂದು ಬಡಿಸಲ್ಪಟ್ಟಿತು.

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಪುಣೆಯಲ್ಲಿರುವ ಚಿಕ್ಕಮ್ಮ ಅದೇ ಜಿಲ್ಲೆಯ ಹೊಸದುರ್ಗದ ಕಡೆಯ ಮದುವೆಯೊಂದಕ್ಕೆ ಹೋಗಿದ್ದಾಗ ಎಲೆಯ ಮೇಲಿದ್ದ ಒಂದು ಮೇಲೋಗರದ ಚಿತ್ರ ತೆಗೆದು ನನಗೆ ಕಳುಹಿಸಿದ್ದರು. ಅದರ ಹೆಸರು ಅವರಿಗೆ ತಿಳಿದಿರಲಿಲ್ಲ. ಪೂಜೆಗೆ ಬಂದಾಗ ಇದನ್ನೇ ಮಾಡಿಸಬೇಕೆಂದು ಮಾತ್ರ ಕೇಳಿದ್ದರು. ತಿಳಿಹಳದಿ ಬಣ್ಣದ ಅರೆಪ್ಪು, ಅದರೊಳಗೆ ಚೌಕವಾದ ಹೋಳುಗಳು, ಮೇಲೆ ಕರಿಬೇವು, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ – ಇಷ್ಟು ಕಂಡದ್ದೇ ತಡ, ಸೌತೆಕಾಯಿಯ ಮಜ್ಜಿಗೆಹುಳಿ ಎಂದು ನಾನು ತೀರ್ಮಾನಿಸಿದೆ. ಅಡಿಗೆಯವರಿಗೂ ಹಾಗೆಯೇ ಹೇಳಿದೆ, ಅವರು ಹೇಳಿದ್ದನ್ನು ಚೆನ್ನಾಗಿಯೇ ಮಾಡಿದರು. ಚಿಕ್ಕಮ್ಮ ಮಾತ್ರ ಒಂದು ತುತ್ತು ಉಂಡು, “ಇದು ಅದಲ್ಲ ಮಗಾ, ಅದು ಎಲೆಯಲ್ಲಿ ನಿಂತಿತ್ತು” ಎಂದರು.

ಅವರು ಉಂಡಿದ್ದದ್ದು ಕಾಳನ್. ನೇಂದ್ರ ಬಾಳೆಕಾಯಿ ಮತ್ತು ಸುವರ್ಣಗೆಡ್ಡೆಯನ್ನು ಕಾಳುಮೆಣಸು, ಅರಿಸಿನದೊಂದಿಗೆ ಬೇಯಿಸಿ, ಹುಳಿ ಮೊಸರು ಹಾಕಿ ಬತ್ತಿಸಿ, ತೆಂಗಿನಕಾಯಿ ಜೀರಿಗೆ ಅರೆದು ಸೇರಿಸುವ ಮಲಯಾಳಿಗಳ ಹಬ್ಬದೂಟವಾದ ಸದ್ಯೆಯ ಗಟ್ಟಿ ಮೇಲೋಗರ ಅದು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ಹತ್ತಾರು ಸಲ ಉಂಡವಳೇ. ಆದರೂ ಚಿತ್ರದಲ್ಲಿ ಗುರುತಿಸಲಾಗದೆ ಹೋದದ್ದು ಏಕೆಂದು ತಿಳಿಯಬೇಕೆನ್ನಿಸಿ, ಬೇರೆ ಬೇರೆ ದಿನಗಳಲ್ಲಿ ಮಜ್ಜಿಗೆಹುಳಿ, ಕಾಳನ್, ಓಲನ್, ಅವಿಯಲ್ – ಈ ನಾಲ್ಕನ್ನೂ ಮನೆಯಲ್ಲಿ ಮಾಡಿದೆ. ಒಂದೊಂದನ್ನೂ ಬಾಳೆಯೆಲೆಯ ಮೇಲೆ ಬಡಿಸಿ, ಹಗಲು ಬೆಳಕಿನಲ್ಲಿಯೂ ರಾತ್ರಿಯ ಹಳದಿ ಬಲ್ಬಿನ ಕೆಳಗೂ ಚಿತ್ರ ತೆಗೆದೆ. ಬಡಿಸಿದ ಕೂಡಲೇ ಒಂದು, ಅರ್ಧ ಗಂಟೆ ಕಳೆದ ಮೇಲೆ ಒಂದು. ಆ ಚಿತ್ರಗಳನ್ನು ಮನೆಯವರಿಗೆ ತೋರಿಸಿ, ಹೆಸರು ಕೇಳಿ, ಯಾವುದನ್ನು ನೋಡಿ ಹಾಗೆ ಹೇಳಿದಿರೆಂದೂ ಕೇಳಿದೆ.

ತರಕಾರಿಯನ್ನು ನೋಡಿ ಹೆಸರು ಹೇಳುವ ದಾರಿ ಎಲ್ಲರಿಗೂ ಮೊದಲು ಹೊಳೆಯುವಂಥದ್ದು, ಎಡವುವುದೂ ಅಲ್ಲೇ. ಅರೆದ ತೆಂಗಿನಕಾಯಿ ಹೋಳಿನ ಮೇಲೆ ಒಂದು ಪದರವಾಗಿ ಅಂಟಿಕೊಂಡ ಮೇಲೆ ಸೌತೆ, ಕುಂಬಳ, ಬಾಳೆಕಾಯಿ, ಗೆಡ್ಡೆ ಎಲ್ಲವೂ ತಿಳಿಬಣ್ಣದ ಚೌಕಗಳಾಗಿ ಕಾಣುತ್ತವೆ. ಚಿತ್ರವನ್ನು ಹಿಗ್ಗಿಸಿ, ಅರೆಪ್ಪು ಜಾರಿ ಬರಿದಾದ ಒಂದು ಮೂಲೆಯನ್ನಾದರೂ ಹುಡುಕಬೇಕು. ಬೆಂದ ಸೌತೆಯ ಅಂಚು ಬೆಳಕಿಗೆ ಸ್ವಲ್ಪ ಪಾರದರ್ಶಕವಾಗುತ್ತದೆ, ಮೂಲೆಗಳು ಮೆದುವಾಗಿ ಉರುಟಾಗುತ್ತವೆ, ಸಿಪ್ಪೆಯೊಂದಿಗೆ ಹೆಚ್ಚಿದ್ದರೆ ಒಂದು ಬದಿಯಲ್ಲಿ ಗಾಢವಾದ ಗೆರೆ ಉಳಿದಿರುತ್ತದೆ. ಬೂದುಕುಂಬಳ ಇನ್ನೂ ಗಾಜಿನಂತಿರುತ್ತದೆ. ಬಾಳೆಕಾಯಿ ಎಷ್ಟು ಬೆಂದರೂ ಅಪಾರದರ್ಶಕವಾಗಿಯೇ ಉಳಿಯುತ್ತದೆ, ಕತ್ತಿಯ ಅಂಚು ಹಾಗೆಯೇ ನಿಂತಿರುತ್ತದೆ, ಹೋಳಿನ ನಡುವೆ ಬೀಜದ ಜಾಗದ ಕಪ್ಪು ಚುಕ್ಕೆಗಳು ಕೆಲವೊಮ್ಮೆ ಕಾಣುತ್ತವೆ. ಸುವರ್ಣಗೆಡ್ಡೆಯ ಮೂಲೆಗಳು ಹುಡಿಯಾಗಿ ಉದುರಿದಂತಿರುತ್ತವೆ.

ಚಿಕ್ಕಮ್ಮನ ಚಿತ್ರಕ್ಕೆ ಮರಳಿ ಹೋಗಿ ಹೀಗೆ ಹುಡುಕಿದಾಗ, ಎಡಬದಿಯ ಒಂದೇ ಒಂದು ಹೋಳಿನಲ್ಲಿ ನೇರವಾದ ಅಂಚು ಮತ್ತು ಎರಡು ಕಪ್ಪು ಚುಕ್ಕೆ ಸಿಕ್ಕಿದವು. ಮೊದಲ ದಿನ ನಾನು ಅದನ್ನು ಸಾಸಿವೆ ಎಂದುಕೊಂಡಿದ್ದೆ. ಉಳಿದ ಹೋಳುಗಳಲ್ಲಿ ಯಾವುದೂ ತನ್ನ ಗುರುತು ಬಿಟ್ಟುಕೊಟ್ಟಿರಲಿಲ್ಲ. ಅಂದರೆ ತರಕಾರಿಯ ದಾರಿ ಸುಳ್ಳಲ್ಲ, ಆದರೆ ಅದು ಸಿಗುವುದು ಅದೃಷ್ಟವಿದ್ದರೆ. ಅದೃಷ್ಟವಿಲ್ಲದ ಕಡೆ ನಮ್ಮ ಮನೆಯ ಅಡಿಗೆಯ ನೆನಪೇ ಚಿತ್ರದೊಳಗೆ ಹೊಕ್ಕು ಅಲ್ಲಿಲ್ಲದ ಸೌತೆಯನ್ನು ತೋರಿಸಿಬಿಡುತ್ತದೆ.

ಹೋಳಿನ ಆಕಾರ ಮಾತ್ರ ಹೆಚ್ಚು ನಂಬಿಕೆಗೆ ಅರ್ಹ. ಬೆರಳುದ್ದದ ಕಡ್ಡಿಗಳಾದರೆ ಅವಿಯಲ್, ತೆಳ್ಳಗಿನ ಚಪ್ಪಟೆ ಹೋಳುಗಳ ನಡುವೆ ಕೆಂಪು ಅಲಸಂಡೆ ಕಾಳುಗಳಿದ್ದರೆ ಓಲನ್ ಎಂದು ಹೆಚ್ಚು ಯೋಚಿಸದೆ ಹೇಳಬಹುದು. ಚೌಕವಾದಾಗಲೇ ಕಷ್ಟ.

ಬಣ್ಣದ ಬಗ್ಗೆ ಒಂದು ಮಾತು. ನಮ್ಮ ಮನೆಯ ಮಜ್ಜಿಗೆಹುಳಿಗೆ ಅರಿಸಿನ ಹಾಕುವುದಿಲ್ಲ. ಆದರೆ ಬಲ್ಬಿನ ಕೆಳಗೆ ತೆಗೆದ ಚಿತ್ರದಲ್ಲಿ ಅದು ಕಾಳನ್‌ನಷ್ಟೇ ಹಳದಿಯಾಗಿ ಕಂಡಿತು. ಅನ್ನವನ್ನು ಪಕ್ಕದಲ್ಲಿಟ್ಟು ಹೋಲಿಸೋಣವೆಂದರೆ ನಮ್ಮಲ್ಲಿ ಕುಚ್ಚಲಕ್ಕಿಯ ಅನ್ನವೇ ಕೆಂಪು. ಕೊನೆಗೆ ಉಪಯೋಗಕ್ಕೆ ಬಂದದ್ದು ಎಲೆಯ ಎಡತುದಿಯಲ್ಲಿ ಬಡಿಸಿದ ಉಪ್ಪು. ಉಪ್ಪು ಚಿತ್ರದಲ್ಲಿ ಹಳದಿಯಾಗಿ ಕಂಡರೆ ಮೇಲೋಗರದ ಹಳದಿಯನ್ನೂ ನಂಬಬಾರದು. ಉಪ್ಪು ಬೆಳ್ಳಗಿದ್ದು ಮೇಲೋಗರ ಹಳದಿಯಾಗಿದ್ದರೆ ಅರಿಸಿನ ಬಿದ್ದಿದೆಯೆಂದು ತಿಳಿಯಬಹುದು.

ಇನ್ನು ಹದ. ನಾಲ್ಕರ ಚಿತ್ರಗಳನ್ನೂ ಸಾಲಾಗಿ ಇಟ್ಟಾಗ ಒಂದು ಇನ್ನೊಂದರಂತೆ ಇರಲಿಲ್ಲ. ಮಜ್ಜಿಗೆಹುಳಿಯಲ್ಲಿ ತೆಂಗಿನಕಾಯಿಯನ್ನು ನುಣ್ಣಗೆ ಅರೆದು, ಮಜ್ಜಿಗೆ ಸೇರಿಸಿ, ಒಂದು ಕುದಿ ಬರುವಾಗಲೇ ಇಳಿಸುತ್ತೇವೆ. ಹೆಚ್ಚು ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಆದ್ದರಿಂದ ಅದರಲ್ಲಿ ನೀರಿನಂಶ ಉಳಿದಿರುತ್ತದೆ, ಎಲೆಯ ಮೇಲೆ ಹಾಕಿದರೆ ಹರಡುತ್ತದೆ, ಅಂಚಿನಲ್ಲಿ ತೆಳುವಾದ ನೀರಿನ ಉಂಗುರ ಕಾಣಿಸಿಕೊಳ್ಳುತ್ತದೆ. ಕಾಳನ್‌ನ ಸಂಗತಿ ಬೇರೆ. ನಾನು ಒಂದು ದೊಡ್ಡ ನೇಂದ್ರಕಾಯಿಗೂ ಕಾಲು ಕಿಲೋ ಗೆಡ್ಡೆಗೂ ಎರಡು ಲೋಟ ಗಟ್ಟಿ ಮೊಸರು ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಕದಡುತ್ತಾ ಅರ್ಧದಷ್ಟಾಗುವವರೆಗೆ ಬತ್ತಿಸಿದೆ, ಆಮೇಲೆ ಅರ್ಧ ತೆಂಗಿನಕಾಯಿಯ ಅರೆಪ್ಪು ಸೇರಿಸಿದೆ. ನೀರೆಲ್ಲ ಬತ್ತಿದ ಆ ಮೊಸರು ಹೋಳಿಗೆ ಹತ್ತಿಕೊಂಡು ಒಂದು ಗುಪ್ಪೆಯಾಗಿ ನಿಲ್ಲುತ್ತದೆ, ಚಮಚ ಎಳೆದ ಗೆರೆ ಮುಚ್ಚಿಕೊಳ್ಳುವುದಿಲ್ಲ. ಎಲೆಯ ಮೇಲೆ ನಿಂತಿತ್ತೆಂದು ಚಿಕ್ಕಮ್ಮ ಹೇಳಿದ್ದು ಇದನ್ನೇ. ಚಿತ್ರದಲ್ಲಿಯೂ ಅದು ಸ್ಪಷ್ಟವಾಗಿಯೇ ಇತ್ತು, ಗುಪ್ಪೆಯ ಒಂದು ಬದಿಗೆ ನೆರಳೂ ಬಿದ್ದಿತ್ತು. ಹರಡಿದ ಪದಾರ್ಥಕ್ಕೆ ಅಂಥ ನೆರಳು ಇರುವುದಿಲ್ಲ.

ಅವಿಯಲ್‌ನಲ್ಲಿ ತೆಂಗಿನಕಾಯಿಯನ್ನು ತರಿತರಿಯಾಗಿ ಅರೆಯುವುದರಿಂದ ತರಿಗಳು ಕಡ್ಡಿಗಳ ಮೇಲೆ ಬಿಡಿಬಿಡಿಯಾಗಿ ಕಾಣುತ್ತವೆ. ಕೊನೆಗೆ ಹಸಿ ತೆಂಗಿನೆಣ್ಣೆ ಸುರಿಯುವುದರಿಂದ ಹೊಳಪು ಇರುತ್ತದೆ, ಸಾಸಿವೆಯ ಒಗ್ಗರಣೆ ಇರುವುದಿಲ್ಲ. ಓಲನ್‌ಗೆ ಅರೆಪ್ಪೇ ಇಲ್ಲ, ಕಾಯಿಹಾಲು ಮಾತ್ರ.

ಹದವನ್ನು ನೋಡುವುದಕ್ಕೂ ಒಂದು ತೊಡಕಿದೆ, ಅದು ಸಮಯ. ಅರ್ಧ ಗಂಟೆ ಬಿಟ್ಟು ತೆಗೆದ ಚಿತ್ರದಲ್ಲಿ ಮಜ್ಜಿಗೆಹುಳಿಯೂ ಆರಿ ದಪ್ಪಗಾಗಿತ್ತು. ಅದನ್ನು ಬಟ್ಟಲಿಗೆ ಹಾಕಿ ತೆಗೆದಾಗ ನಮ್ಮ ಭಾವನವರು ಅದನ್ನು ಕಾಳನ್ ಎಂದೇ ಹೇಳಿದರು. ಬಟ್ಟಲಿನ ಗೋಡೆ ಹರಿಯುವುದನ್ನು ತಡೆಯುವುದರಿಂದ ಹದದ ಅರ್ಧ ಸಾಕ್ಷ್ಯ ಅಲ್ಲೇ ಹೋಗುತ್ತದೆ. ಇಂಥಲ್ಲಿ ನಾನು ಒಗ್ಗರಣೆಯನ್ನು ಹಿಗ್ಗಿಸಿ ನೋಡುತ್ತೇನೆ. ಉರುಟಾದ ಕಪ್ಪು ಸಾಸಿವೆಯ ನಡುವೆ ಕೋನಗಳಿರುವ ಕಂದು ಮೆಂತೆಕಾಳು ಕಂಡರೆ ಕಾಳನ್ ಅಥವಾ ಮಲಯಾಳಿಗಳ ತೆಳು ಮೊಸರಿನ ಮೇಲೋಗರವಾದ ಪುಳಿಶ್ಶೇರಿಯ ಕಡೆಗೆ ವಾಲುತ್ತೇನೆ; ನಮ್ಮ ಮನೆಯ ಮಜ್ಜಿಗೆಹುಳಿಯ ಒಗ್ಗರಣೆಗೆ ಮೆಂತೆ ಬೀಳುವುದಿಲ್ಲ. ಇದು ಸೂಚನೆಯೇ ಹೊರತು ಪುರಾವೆಯಲ್ಲ; ಮಜ್ಜಿಗೆಹುಳಿಗೂ ಮೆಂತೆ ಹಾಕುವ ಕೈಗಳಿವೆ.

ಬಡಿಸುವ ಕ್ರಮ ನನಗೆ ಎರಡನೆಯ ಆಸರೆ. ಸದ್ಯೆಯಲ್ಲಿ ಎಲೆಯ ತುದಿ ಉಣ್ಣುವವರ ಎಡಕ್ಕಿರುತ್ತದೆ. ಉಪ್ಪಿನಕಾಯಿ, ತೋರನ್, ಓಲನ್, ಕಾಳನ್, ಅವಿಯಲ್ ಎಲ್ಲವೂ ಎಲೆಯ ಮೇಲರ್ಧದಲ್ಲಿ ಸಾಲಾಗಿ ಬೀಳುತ್ತವೆ; ಸಾಂಬಾರು, ರಸಂ, ಪುಳಿಶ್ಶೇರಿಯಂಥ ಹರಿಯುವ ಪದಾರ್ಥಗಳು ಕೆಳಗಿನ ಅನ್ನದ ಮೇಲೆಯೇ ಬರುತ್ತವೆ. ನಮ್ಮ ಕಡೆಯ ಊಟದಲ್ಲಿ ಮಜ್ಜಿಗೆಹುಳಿಯನ್ನು ಅನ್ನಕ್ಕೆ ಬಡಿಸುತ್ತೇವೆ. ಆದ್ದರಿಂದ ಮೇಲರ್ಧದಲ್ಲಿ, ಅನ್ನ ಬರುವುದಕ್ಕೂ ಮೊದಲೇ ಕುಳಿತಿರುವ ಹಳದಿ ಮೇಲೋಗರ ಮಜ್ಜಿಗೆಹುಳಿಯಾಗುವುದು ಅಪರೂಪ. ಚಿಕ್ಕಮ್ಮನ ಚಿತ್ರದಲ್ಲಿ ಅನ್ನವೇ ಇರಲಿಲ್ಲ. ನಾನು ಅದನ್ನು ಗಮನಿಸಬೇಕಾಗಿತ್ತು. ಆದರೆ ಕಾಸರಗೋಡಿನ ಮದುವೆಗಳಲ್ಲಿ ಎರಡೂ ಪದ್ಧತಿಯ ಅಡಿಗೆ ಒಂದೇ ಎಲೆಗೆ ಬರುವುದುಂಟು, ಬಫೆಯಲ್ಲಂತೂ ಕ್ರಮವೇ ಅಳಿಸಿಹೋಗುತ್ತದೆ. ಆಗ ಈ ಆಸರೆಯೂ ಇಲ್ಲ.

ಈ ಮೂರು ದಾರಿಗಳೂ ಕೂಡಿದರೂ ತಲುಪಲಾಗದ ಜಾಗವೊಂದಿದೆ. ಹುಳಿ ಎಲ್ಲಿಂದ ಬಂತೆಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಅವಿಯಲ್‌ಗೆ ಮೊಸರನ್ನೂ ಹಾಕುತ್ತಾರೆ, ಮಾವಿನಕಾಯಿಯನ್ನೂ ಹಾಕುತ್ತಾರೆ. ಅರೆಪ್ಪಿನೊಳಗೆ ಎರಡೂ ಒಂದೇ. ಖಾರ ಕಾಳುಮೆಣಸಿನದೋ ಹಸಿಮೆಣಸಿನದೋ, ಜೀರಿಗೆ ಅರೆದಿದೆಯೋ ಇಲ್ಲವೋ ಎಂಬುದೂ ಹಾಗೆಯೇ. ನಮ್ಮ ನೆಂಟರಲ್ಲಿ ಹಾಲು ಮೊಸರು ದೇಹಕ್ಕೆ ಒಗ್ಗದ ಹುಡುಗನೊಬ್ಬನಿದ್ದಾನೆ. ಅವನ ತಾಯಿ ಹೋಟೆಲಿನಿಂದ ಬಿಳಿಯ ಮೇಲೋಗರವೊಂದರ ಚಿತ್ರ ಕಳುಹಿಸಿ ಓಲನ್ ತಾನೇ ಎಂದು ಕೇಳಿದಾಗ, ಹೌದೆಂದು ನನಗೆ ಮುಕ್ಕಾಲು ಪಾಲು ಅನ್ನಿಸಿದರೂ ಹಾಗೆ ಹೇಳಲಿಲ್ಲ. ಅಡಿಗೆಮನೆಯವರನ್ನೇ ಕೇಳಿ ಎಂದೆ. ಹೆಸರು ಸರಿಯಾದರೂ ಒಳಗೆ ಬಿದ್ದದ್ದು ಅದೇ ಎಂಬ ಭರವಸೆಯನ್ನು ಚಿತ್ರ ಕೊಡಲಾರದು.

ಹೆಸರಿನದ್ದೂ ಒಂದು ತೊಂದರೆ ಇದೆ. ಕಾಳನ್ ಎಂದು ಬರೆದು ಕಳುಹಿಸಿದರೆ ತಮಿಳು ಬಲ್ಲ ಅಡಿಗೆಯವರಿಗೆ ಅದು ಅಣಬೆಯಾಗಿ ಕೇಳಿಸಬಹುದು.

ಹಬ್ಬದ ಊಟಕ್ಕೆ ಒಂದು ಸಲ ತಪ್ಪು ಹೇಳಿದರೆ ಅಷ್ಟು ತೆಂಗಿನಕಾಯಿ, ಅಷ್ಟು ಮೊಸರು ಹೋದಂತೆಯೇ. ನಮ್ಮಂಥ ಮನೆಯಲ್ಲಿ ಎರಡನೆಯ ಸಲ ಮಾಡಿಸುವ ಶಕ್ತಿ ಇರುವುದಿಲ್ಲ. ಆದ್ದರಿಂದ ಈಗ ಯಾರಾದರೂ ಚಿತ್ರ ಕಳುಹಿಸಿದರೆ ಹೆಸರು ಹೇಳುವ ಮೊದಲು, ಎಲೆಯಿಡೀ ಕಾಣುವ ಚಿತ್ರ ಇದೆಯೇ, ಚಮಚದಲ್ಲಿ ಎತ್ತಿದರೆ ಸುರಿಯುತ್ತಿತ್ತೋ ಗುಪ್ಪೆಯಾಗಿ ಬೀಳುತ್ತಿತ್ತೋ ಎಂದು ಎರಡು ಪ್ರಶ್ನೆ ಕೇಳುತ್ತೇನೆ. ಉತ್ತರ ಸಿಕ್ಕ ಮೇಲೆಯೂ ದೊಡ್ಡ ಅಡಿಗೆಗೆ ಹೇಳುವ ಮುಂಚೆ ನಾಲ್ಕು ಜನಕ್ಕಾಗುವಷ್ಟು ಮನೆಯಲ್ಲಿ ಮಾಡಿ, ಮೊದಲು ಆ ಮೇಲೋಗರ ಉಂಡವರಿಗೇ ಅದರ ಚಿತ್ರ ತೋರಿಸುತ್ತೇನೆ. ನಾನು ಮಾಡಿದ ಕಾಳನ್‌ನ ಚಿತ್ರವನ್ನು ಚಿಕ್ಕಮ್ಮನಿಗೆ ಕಳುಹಿಸಿದಾಗ ಬಂದ ಉತ್ತರ: “ನಿಂತದ್ದು ಸರಿ. ಹೋಳು ಮಾತ್ರ ಇನ್ನೂ ಸಣ್ಣದಿತ್ತು.”